ಎರಡು ಡಬ್ಬಿ ಡೈ ಬೆರೆಸಿ ನಮ್ಮದೇ ಬಣ್ಣ: ಒಂದೇ ಕಂಪನಿಯದಾದರೆ ಲೆಕ್ಕ ಸಿಗುತ್ತದೆ, ಬೇರೆ ಬೇರೆಯಾದರೆ ಯಾಕೆ ತಪ್ಪುತ್ತದೆ?

ಚೌತಿ ಹತ್ತಿರ ಬಂತೆಂದರೆ ಕಾರವಾರ, ಅಂಕೋಲಾ, ಕುಮಟಾದ ಫ್ಯಾನ್ಸಿ ಅಂಗಡಿಗಳಲ್ಲಿ ತಲೆಗೆ ಹಚ್ಚುವ ಡೈ ಡಬ್ಬಿಗಳಿಗೆ ಬೇಡಿಕೆ ಏರುತ್ತದೆ. ಸಣ್ಣ ಊರಿನ ಅಂಗಡಿಯವರು ಒಂದೊಂದು ಕಂಪನಿಯ ಎಲ್ಲ ಶೇಡುಗಳನ್ನೂ ತರಿಸಿ ಇಟ್ಟುಕೊಳ್ಳುವುದಿಲ್ಲ. ಕಪ್ಪು ಇರುತ್ತದೆ, ಬ್ರೌನ್ ಇರುತ್ತದೆ, ಬರ್ಗಂಡಿ ಇರುತ್ತದೆ. ನಮಗೆ ಬೇಕಾದದ್ದು ಇವುಗಳ ನಡುವಿನದು. ಆಗ ಸಿಗುವ ಸಲಹೆ ಒಂದೇ: "ಅಕ್ಕಾ, ಬರ್ಗಂಡಿ ಈ ಕಂಪನಿದು, ಬ್ರೌನ್ ಆ ಕಂಪನಿದು, ಎರಡೂ ಕಲಸಿ ಹಚ್ಚಿಕೊಳ್ಳಿ, ಏನೂ ಆಗೂದಿಲ್ಲ." ಮೊಬೈಲಿನಲ್ಲಿ ಓಡುವ ಅರ್ಧ ನಿಮಿಷದ ವಿಡಿಯೊಗಳೂ ಇದನ್ನೇ ಹೇಳುತ್ತವೆ.

ಈ ಸಲಹೆಯಲ್ಲಿ ಅರ್ಧ ಸರಿ ಇದೆ. ಎರಡು ಶೇಡು ಬೆರೆಸಬಹುದು, ಪಾರ್ಲರುಗಳಲ್ಲಿ ಅದು ನಿತ್ಯದ ಕೆಲಸ. ಆದರೆ ಎರಡು ಕಂಪನಿಗಳನ್ನು ಬೆರೆಸುವುದು ಬೇರೆಯೇ ವಿಷಯ. ಯಾಕೆಂದು ತಿಳಿಯಬೇಕಾದರೆ ಡಬ್ಬಿಯೊಳಗೆ ಏನಿದೆ ಎಂಬಲ್ಲಿಂದ ಶುರು ಮಾಡಬೇಕು.

ಟ್ಯೂಬಿನಲ್ಲಿ ಇರುವುದು ಇನ್ನೂ ಬಣ್ಣವಲ್ಲ

ಕ್ರೀಮ್ ರೂಪದ ಪರ್ಮನೆಂಟ್ ಡೈ ಡಬ್ಬಿಯಲ್ಲಿ ಎರಡು ಮುಖ್ಯ ವಸ್ತುಗಳಿರುತ್ತವೆ. ಒಂದು, ಕಲರ್ ಕ್ರೀಮ್. ಇನ್ನೊಂದು, ಡೆವಲಪರ್. ಟ್ಯೂಬನ್ನು ಹಿಂಡಿ ನೋಡಿ: ಹೊರಬರುವ ಕ್ರೀಮು ಬಿಳಿ ಅಥವಾ ತಿಳಿ ಹಳದಿ ಬಣ್ಣದಲ್ಲಿರುತ್ತದೆ. 'ಡಾರ್ಕ್ ಬ್ರೌನ್' ಎಂದು ಬರೆದ ಟ್ಯೂಬಿನೊಳಗೆ ಬ್ರೌನ್ ಇಲ್ಲ. ಅಲ್ಲಿರುವುದು ಬಣ್ಣದ ಕಚ್ಚಾ ಪದಾರ್ಥ. ಪಿಪಿಡಿ ಎಂದು ಕರೆಯುವ ಪ್ಯಾರಾ ಫಿನೈಲಿನ್ ಡೈಅಮೈನ್ ಅಥವಾ ಅದರ ಹತ್ತಿರದ ಬಂಧು ಪಿಟಿಡಿ, ಅದರ ಜೊತೆ ಸೇರಿ ಬಣ್ಣ ಕಟ್ಟುವ ರೆಸಾರ್ಸಿನಾಲ್‌ನಂಥ ಇನ್ನೊಂದು ಬಗೆಯ ಪದಾರ್ಥ, ಮತ್ತು ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಬಿಡಿಸಲು ಅಮೋನಿಯಾದಂಥ ಒಂದು ಕ್ಷಾರ.

ಡೆವಲಪರ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. ಕೂದಲಿಗೆ ಬಳಸುವಂಥದ್ದು ಸಾಮಾನ್ಯವಾಗಿ 3, 6, 9 ಅಥವಾ 12 ಶೇಕಡಾ ಇರುತ್ತದೆ. ಪಾರ್ಲರಿನವರು ಇದನ್ನೇ 10, 20, 30, 40 'ವಾಲ್ಯೂಮ್' ಎನ್ನುತ್ತಾರೆ. ಬಾಟಲಿಯಲ್ಲಿ ಇದು ಕೆಡದೆ ಇರಲೆಂದು ತುಸು ಆಮ್ಲ ಸೇರಿಸಿರುತ್ತಾರೆ. ಕ್ರೀಮಿನ ಕ್ಷಾರ ಬಂದು ಸೇರಿದ ಕೂಡಲೇ ಆ ಆಮ್ಲದ ಹಿಡಿತ ತಪ್ಪಿ ಪೆರಾಕ್ಸೈಡ್ ಕೆಲಸ ಶುರು ಮಾಡುತ್ತದೆ. ಅದು ಕೂದಲಿನ ಸಹಜ ಕಪ್ಪನ್ನು ಸ್ವಲ್ಪ ತಿಳಿ ಮಾಡುತ್ತದೆ. ಜೊತೆಗೇ ಕಚ್ಚಾ ಪದಾರ್ಥದ ಸಣ್ಣ ಕಣಗಳು ಕೂದಲಿನೊಳಗೆ ಹೊಕ್ಕು, ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ, ಹೊರಗೆ ಬರಲಾಗದೆ ಅಲ್ಲೇ ಉಳಿಯುತ್ತವೆ. ಬಣ್ಣ ಕಾಣುವುದು ಈ ದೊಡ್ಡ ಕಣಗಳಿಂದ.

ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ಹೆಪ್ಪು ಬಿದ್ದ ಗಳಿಗೆಯಿಂದ ಹಾಲು ಮೊಸರಾಗುವ ದಾರಿ ಹಿಡಿಯುತ್ತದೆ, ನಡುವೆ ತಡೆದು ನಿಲ್ಲಿಸಲಾಗದು, ಹೆಪ್ಪಿನ ಪ್ರಮಾಣ ಹೆಚ್ಚುಕಡಿಮೆಯಾದರೆ ಮೊಸರೂ ಹಾಗೇ. ಗೋಡೆಗೆ ಹೊಡೆಯುವ ಪೇಂಟಿನಲ್ಲಿ ಬಣ್ಣ ಮೊದಲೇ ತಯಾರಾಗಿರುತ್ತದೆ, ಕೆಂಪಿಗೆ ಹಳದಿ ಬೆರೆಸಿದರೆ ಸಾಕು. ಡೈ ಬೆರೆಸುವಾಗ ನಾವು ಬೆರೆಸುತ್ತಿರುವುದು ಇನ್ನೂ ನಡೆಯಬೇಕಾದ ಎರಡು ರಾಸಾಯನಿಕ ಕ್ರಿಯೆಗಳನ್ನು.

ಡಬ್ಬಿಯ ಮೇಲಿನ ಸಂಖ್ಯೆ

ಡಬ್ಬಿಯ ಮೂಲೆಯಲ್ಲಿ 3, 4, 4.6, 5.3 ಎಂಬಂಥ ಸಂಖ್ಯೆ ಇರುತ್ತದೆ. ಚುಕ್ಕಿಯ ಮೊದಲಿನ ಅಂಕಿ ಬಣ್ಣ ಎಷ್ಟು ಗಾಢ ಎಂದು ಹೇಳುತ್ತದೆ. 1 ಎಂದರೆ ಕಪ್ಪು, 3 ಗಾಢ ಬ್ರೌನ್, 4 ಬ್ರೌನ್, 5 ತಿಳಿ ಬ್ರೌನ್, 10ರ ಹತ್ತಿರ ಹೋದರೆ ತೀರಾ ತಿಳಿ ಹೊಂಬಣ್ಣ. ಚುಕ್ಕಿಯ ನಂತರದ ಅಂಕಿ ಛಾಯೆಯನ್ನು ಹೇಳುತ್ತದೆ: ಬೂದಿಯೋ, ಚಿನ್ನವೋ, ತಾಮ್ರವೋ, ಕೆಂಪೋ. ಚುಕ್ಕಿಯೇ ಇಲ್ಲದ 4 ಅಥವಾ 4.0 ಎಂದರೆ ಯಾವ ಛಾಯೆಗೂ ವಾಲದ ಸಾದಾ ಬ್ರೌನ್.

ಮೊದಲ ಅಂಕಿಯ ಅರ್ಥ ಹೆಚ್ಚುಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ. ಚುಕ್ಕಿಯ ನಂತರದ್ದು ಹಾಗಲ್ಲ. ಒಂದು ಕಂಪನಿಯ .6 ಕೆಂಪು, ಇನ್ನೊಂದರ 6 ನೇರಳೆ. ಹಾಗಾಗಿ ಎರಡು ಕಂಪನಿಯ ಡಬ್ಬಿ ಹಿಡಿದು ಸಂಖ್ಯೆ ನೋಡಿ ಲೆಕ್ಕ ಹಾಕಿದರೆ ಆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪಿರುತ್ತದೆ.

ಬೆರೆಸುವ ಅಗತ್ಯ ಯಾಕೆ ಬರುತ್ತದೆ: ಬಿಳಿ ಕೂದಲು

ನಮ್ಮಲ್ಲಿ ಬೆರಕೆಯ ಯೋಚನೆ ಬರುವುದು ಹೆಚ್ಚಾಗಿ ಬಿಳಿ ಕೂದಲಿನಿಂದ. ಶಿರಸಿಯ ಒಬ್ಬ ಶಿಕ್ಷಕಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹೆಗಲವರೆಗಿನ ಕೂದಲು. ಹಿಂದೆ ಬಹುತೇಕ ಕಪ್ಪು, ಬೈತಲೆಯ ಹತ್ತಿರ ಮತ್ತು ಕಿವಿಯ ಮೇಲೆ ಅರ್ಧಕ್ಕರ್ಧ ಬಿಳಿ. ಅವರಿಗೆ ಬೇಕಾದದ್ದು ವೈನ್ ಬಣ್ಣದ ಮಿಂಚಿರುವ ಬ್ರೌನ್. ಕೆಂಪು ಛಾಯೆಯ 4.6 ಒಂದನ್ನೇ ಹಚ್ಚಿದರು ಎಂದುಕೊಳ್ಳಿ. ಹಿಂದಿನ ಕಪ್ಪು ಕೂದಲಿನಲ್ಲಿ ಆ ಕೆಂಪು ಬಿಸಿಲಿಗೆ ನಿಂತಾಗ ಮಾತ್ರ ಕಂಡೀತು. ಮುಂದಿನ ಬಿಳಿ ಕೂದಲು ಮಾತ್ರ ಕಣ್ಣಿಗೆ ಹೊಡೆಯುವಷ್ಟು ಕೆಂಪಾಗುತ್ತದೆ. ಒಂದೇ ತಲೆಯಲ್ಲಿ ಎರಡು ಬಣ್ಣ.

ಕಾರಣ ಇಷ್ಟು. ಕಪ್ಪು ಕೂದಲಿನಲ್ಲಿ ಸಹಜ ಬಣ್ಣ ಕೆಳಗಿರುತ್ತದೆ, ಡೈಯ ಕೆಂಪನ್ನು ಅದು ಅಡಗಿಸುತ್ತದೆ. ಬಿಳಿ ಕೂದಲಿನಲ್ಲಿ ಅಡಗಿಸಲು ಏನೂ ಇಲ್ಲ. ಮೇಲಾಗಿ ಛಾಯೆಯ ಟ್ಯೂಬಿನಲ್ಲಿ ತಳದ ಬ್ರೌನ್ ಕಟ್ಟುವ ಪದಾರ್ಥ ಕಡಿಮೆ ಇರುತ್ತದೆ. ಆ ತಳವನ್ನು ತುಂಬಿಕೊಡಲು ಸಾದಾ 4ನ್ನು ಬೆರೆಸಬೇಕು.

ಎಷ್ಟು ಬೆರೆಸಬೇಕೆಂಬುದಕ್ಕೆ ಪಾರ್ಲರುಗಳಲ್ಲಿ ಒಂದು ಅಂದಾಜು ಇದೆ: ತಲೆಯಲ್ಲಿ ಬಿಳಿ ಎಷ್ಟು ಪಾಲೋ, ಬೆರಕೆಯಲ್ಲಿ ಸಾದಾ ಶೇಡು ಅಷ್ಟು ಪಾಲು. ಅರ್ಧ ಬಿಳಿ ಇದ್ದರೆ ಅರ್ಧ ಸಾದಾ, ಅರ್ಧ ಛಾಯೆ. ಮೂರನೇ ಒಂದು ಪಾಲು ಬಿಳಿ ಇದ್ದರೆ ಸಾದಾ ಒಂದು ಪಾಲು, ಛಾಯೆ ಎರಡು ಪಾಲು. ಶಿಕ್ಷಕಿಯ ಮುಂಭಾಗಕ್ಕೆ ಒಂದು ಲೆಕ್ಕ, ಹಿಂಭಾಗಕ್ಕೆ ಇನ್ನೊಂದು ಬಂದೀತು. ಆದರೆ ಎರಡು ಬಟ್ಟಲು ಬೇಡ. ಎದ್ದು ಕಾಣುವುದು ಮುಂಭಾಗ, ಅದರ ಲೆಕ್ಕವನ್ನೇ ಇಡೀ ತಲೆಗೆ ಹಿಡಿದರೆ ಸಾಕು.

ಒಂದೇ ಕಂಪನಿ, ಒಂದೇ ಸರಣಿ: ಬೆರೆಸುವ ಕ್ರಮ

ಈಗ ಅವರ ಕೈಯಲ್ಲಿ ಒಂದೇ ಕಂಪನಿಯ, ಒಂದೇ ಹೆಸರಿನ ಸರಣಿಯ ಎರಡು ಡಬ್ಬಿ ಇವೆ, ಒಂದು 4, ಇನ್ನೊಂದು 4.6. ಒಂದೊಂದರಲ್ಲೂ 20 ಗ್ರಾಂ ಕ್ರೀಮ್, 20 ಮಿಲಿ ಡೆವಲಪರ್ ಇದೆ ಎಂದಿಟ್ಟುಕೊಳ್ಳೋಣ, ಅಂದರೆ ಒಂದಕ್ಕೆ ಒಂದು ಪ್ರಮಾಣ. ಕಂಪನಿ ಒಂದೇ ಆದರೂ ಸರಣಿ ಬೇರೆಯಾದರೆ, ಉದಾಹರಣೆಗೆ ಒಂದು ಅಮೋನಿಯಾ ಇರುವುದು, ಇನ್ನೊಂದು ಇಲ್ಲದ್ದು ಆದರೆ, ಅದನ್ನು ಬೇರೆ ಕಂಪನಿಯದೇ ಎಂದು ತಿಳಿಯಬೇಕು.

ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲಿಗೆ ಮೊದಲು ಎರಡೂ ಕ್ರೀಮುಗಳನ್ನು ಹಾಕಿ ಒಂದೇ ಹದಕ್ಕೆ ಬರುವವರೆಗೆ ಬ್ರಶ್ಶಿನಿಂದ ಕಲಸಬೇಕು. ಈ ಹಂತದಲ್ಲಿ ಅವಸರವಿಲ್ಲ, ಹೆಪ್ಪು ಇನ್ನೂ ಬಿದ್ದಿಲ್ಲ. ಆಮೇಲೆ ಎರಡೂ ಡೆವಲಪರ್, ಒಟ್ಟು 40 ಮಿಲಿ ಸೇರಿಸಬೇಕು. ಹೀಗೆ ಮಾಡದೆ ಎರಡು ಬಟ್ಟಲಲ್ಲಿ ಬೇರೆ ಬೇರೆ ಕಲಸಿ ಕೊನೆಗೆ ಕೂಡಿಸಿದರೆ, ಮೊದಲು ಕಲಸಿದ್ದು ಆಗಲೇ ಮುಂದೆ ಹೋಗಿರುತ್ತದೆ. ಡೆವಲಪರ್ ಬಿದ್ದ ಮೇಲೆ ತಡಮಾಡದೆ ಹಚ್ಚಬೇಕು, ಅದೂ ಬಿಳಿ ಹೆಚ್ಚಿರುವ ಕಡೆಯಿಂದ ಶುರು ಮಾಡಿ. ಎಷ್ಟು ಹೊತ್ತು ಬಿಡಬೇಕೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ.

ಪ್ರಮಾಣವನ್ನು ಕಣ್ಣಳತೆಯಲ್ಲಿ ಹಿಡಿಯದೆ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಸಲ ಬುಡದಲ್ಲಿ ಬೆಳೆದ ಕೂದಲಿಗಷ್ಟೇ ಹಚ್ಚುವಾಗ ಅದೇ ಬಣ್ಣ ಬರಬೇಕಲ್ಲ.

ಒಂದೇ ಸರಣಿಯೊಳಗೂ ಎರಡು ಮಿತಿಗಳಿವೆ. ಮೊದಲನೆಯದು, 3 ಮತ್ತು 5ನ್ನು ಸಮಸಮ ಬೆರೆಸಿದರೆ 4 ಬರುತ್ತದೆಂದು ನಂಬಬಾರದು. ಗಾಢ ಶೇಡಿನ ಟ್ಯೂಬಿನಲ್ಲಿ ಬಣ್ಣದ ಪದಾರ್ಥ ಹೆಚ್ಚಿರುವುದರಿಂದ ಬೆರಕೆ ಗಾಢದ ಕಡೆಗೇ ವಾಲುತ್ತದೆ. ಕಪ್ಪನ್ನಂತೂ ಚಮಚದಷ್ಟು ಸೇರಿಸಿದರೂ ಉಳಿದದ್ದನ್ನು ನುಂಗಿಬಿಡುತ್ತದೆ. ಮೊದಲ ಅಂಕಿ ಒಂದೇ ಇರುವ ಅಥವಾ ಒಂದಂಕಿ ಮಾತ್ರ ಆಚೀಚೆ ಇರುವ ಶೇಡುಗಳನ್ನು ಆಯ್ದುಕೊಂಡರೆ ಈ ತೊಂದರೆ ಕಡಿಮೆ. ಎರಡನೆಯದು, ಬೂದಿ ಛಾಯೆ ಮತ್ತು ಕೆಂಪು ಛಾಯೆ ಒಂದನ್ನೊಂದು ಕೊಲ್ಲುತ್ತವೆ. ಎರಡರ ಅಂದವೂ ಸಿಗದೆ ಮಂಕು ಕಂದು ಉಳಿಯುತ್ತದೆ.

ಹಳೆಯ ಡೈ ಇರುವ ಕೂದಲನ್ನು ಹೊಸ ಡೈ ತಿಳಿ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಕಳೆದ ತಿಂಗಳು ಕಪ್ಪು ಹಚ್ಚಿದ ತಲೆಗೆ ಯಾವ ಬೆರಕೆ ಹಚ್ಚಿದರೂ ವೈನ್ ಬಣ್ಣ ಬಾರದು. ಬುಡದಲ್ಲಿ ಮಾತ್ರ ಬಂದೀತು.

ಕಂಪನಿ ಬೇರೆಯಾದಾಗ ತಪ್ಪುವ ಲೆಕ್ಕ

ಇದೇ ಶಿಕ್ಷಕಿಗೆ ಬ್ರೌನ್ ಒಂದು ಕಂಪನಿಯದು, ಬರ್ಗಂಡಿ ಇನ್ನೊಂದರದು ಸಿಕ್ಕಿತೆನ್ನೋಣ. ಬ್ರೌನಿನ ಕಂಪನಿ ಹೇಳುವುದು ಒಂದು ಪಾಲು ಕ್ರೀಮಿಗೆ ಒಂದೂವರೆ ಪಾಲು ಡೆವಲಪರ್, ಅದರ ಡಬ್ಬಿಯಲ್ಲಿ 40 ಗ್ರಾಂ ಕ್ರೀಮಿಗೆ 60 ಮಿಲಿ. ಬರ್ಗಂಡಿಯದು ಒಂದಕ್ಕೆ ಒಂದು, 40ಕ್ಕೆ 40. ಎರಡರಿಂದಲೂ 20 ಗ್ರಾಂ ಕ್ರೀಮ್ ತೆಗೆದರು. ಡೆವಲಪರ್ ಯಾವುದನ್ನು ಹಾಕಬೇಕು?

ಬ್ರೌನಿನ ಬಾಟಲಿ ಪೂರ್ತಿ ಸುರಿದರೆ 60 ಮಿಲಿ. ನಿಜಕ್ಕೂ ಬೇಕಾದದ್ದು ಬ್ರೌನಿಗೆ 30, ಬರ್ಗಂಡಿಗೆ 20, ಒಟ್ಟು 50. ಹತ್ತು ಮಿಲಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ, ಬಣ್ಣದ ಸಾಂದ್ರತೆ ಇಳಿಯುತ್ತದೆ. ಬಿಳಿ ಕೂದಲು ಸರಿಯಾಗಿ ಬಣ್ಣ ಹಿಡಿಯುವುದಿಲ್ಲ. ಬರ್ಗಂಡಿಯ 40 ಮಿಲಿ ಹಾಕಿದರೆ ಹತ್ತು ಮಿಲಿ ಕೊರತೆ. ಸರಿ, ಅದರಿಂದ 30, ಇದರಿಂದ 20 ಅಳೆದು ಹಾಕುವಷ್ಟು ಜಾಗ್ರತೆ ಅವರಿಗಿದೆ ಎಂದೇ ಇಟ್ಟುಕೊಳ್ಳೋಣ. ಒಂದರ ಪೆರಾಕ್ಸೈಡ್ 6 ಶೇಕಡಾ, ಇನ್ನೊಂದರದು 9 ಇರಬಹುದು. ಇದನ್ನು ಎಲ್ಲ ಡಬ್ಬಿಗಳ ಮೇಲೂ ಬರೆದಿರುವುದಿಲ್ಲ.

ಇಲ್ಲಿಯವರೆಗಿನದು ಅಳತೆಯ ಮಾತು. ನಿಜವಾದ ಕಷ್ಟ ಕ್ಷಾರದಲ್ಲಿದೆ. ಒಂದು ಕ್ರೀಮಿನಲ್ಲಿ ಅಮೋನಿಯಾ, ಇನ್ನೊಂದರಲ್ಲಿ ಅದರ ಬದಲಿಗೆ ಮೋನೊ ಎಥನಾಲ್ ಅಮೈನ್ ಇರಬಹುದು. ತನ್ನ ಡೆವಲಪರಿನಲ್ಲಿರುವ ಆಮ್ಲವನ್ನು ಮೀರಿ ಮಿಶ್ರಣ ಯಾವ ಮಟ್ಟದ ಕ್ಷಾರಕ್ಕೆ ಬಂದು ನಿಲ್ಲಬೇಕೆಂದು ಲೆಕ್ಕ ಹಾಕಿಯೇ ಪ್ರತಿ ಕಂಪನಿ ತನ್ನ ಕ್ರೀಮನ್ನು ತಯಾರಿಸುತ್ತದೆ. ಬೇರೆ ಕಂಪನಿಯ ಡೆವಲಪರ್ ಸೇರಿದಾಗ ಆ ಮಟ್ಟ ಕೆಳಗಿಳಿದರೆ ಕೂದಲು ಸಾಕಷ್ಟು ಉಬ್ಬುವುದಿಲ್ಲ, ಬಣ್ಣ ಒಳಹೋಗದೆ ನಾಲ್ಕು ಸ್ನಾನಕ್ಕೆ ತೊಳೆದುಹೋಗುತ್ತದೆ. ಮೇಲೇರಿದರೆ ನೆತ್ತಿ ಉರಿಯುತ್ತದೆ, ಕೂದಲು ಒರಟಾಗಿ ತುಂಡಾಗುತ್ತದೆ. ಯಾವುದು ಆಗುತ್ತದೆಂದು ಮನೆಯಲ್ಲಿ ಕೂತು ಹೇಳಲು ಬೇಕಾದ ಅಂಕಿ ಯಾವ ಡಬ್ಬಿಯ ಮೇಲೂ ಸಿಗುವುದಿಲ್ಲ.

ಬಣ್ಣ ಕಟ್ಟುವ ಜೋಡಿಗಳದೂ ಇದೇ ಕಥೆ. ಪಿಪಿಡಿಗೆ ಎಷ್ಟು ಜೊತೆಗಾರ ಪದಾರ್ಥ ಬೇಕೆಂದು ಒಂದೊಂದು ಶೇಡಿಗೂ ಕಂಪನಿ ತೂಗಿಟ್ಟಿರುತ್ತದೆ. ಎರಡು ಕಂಪನಿಯವು ಸೇರಿದಾಗ ಇದರ ಪಿಪಿಡಿ ಅದರ ಜೊತೆಗಾರನನ್ನು ಹಿಡಿದುಕೊಂಡು ಡಬ್ಬಿಯ ಚಿತ್ರದಲ್ಲಿಲ್ಲದ ಬಣ್ಣ ಕಟ್ಟಬಹುದು. ಸಮಯವೂ ಹೊಂದುವುದಿಲ್ಲ: ಒಂದರ ಚೀಟಿ 30 ನಿಮಿಷ ಎಂದರೆ ಇನ್ನೊಂದರದು 45 ಎನ್ನಬಹುದು.

ಇನ್ನೊಂದು ಸಣ್ಣದಾಗಿ ಕಾಣುವ, ಆದರೆ ಕರಾವಳಿಯ ಸೆಕೆಯಲ್ಲಿ ಸಣ್ಣದಲ್ಲದ ತೊಂದರೆ ಹದದ್ದು. ಎರಡೂ ಸೇರಿದ ಮೇಲೆ ಕೂದಲಿಗೆ ಅಂಟಿ ನಿಲ್ಲುವಷ್ಟು ಗಟ್ಟಿಯಾಗಬೇಕೆಂದು ಕಂಪನಿ ಕ್ರೀಮನ್ನೂ ಡೆವಲಪರನ್ನೂ ಜೋಡಿಯಾಗಿ ರೂಪಿಸಿರುತ್ತದೆ. ಜೋಡಿ ತಪ್ಪಿದರೆ ಕೆಲವೊಮ್ಮೆ ಅದು ನೀರಾಗುತ್ತದೆ. ಹಣೆಯ ಬೆವರಿನ ಜೊತೆ ಇಳಿದು ಕಣ್ಣಿಗೆ ಹೋಗುತ್ತದೆ. ಪೆರಾಕ್ಸೈಡೂ ಪಿಪಿಡಿಯೂ ಕಣ್ಣಿಗೆ ಅಪಾಯ. ಹಾಗಾಗಿಯೇ ಪಿಪಿಡಿ ಇರುವ ಡೈಯನ್ನು ಹುಬ್ಬು, ರೆಪ್ಪೆಗೆ ಹಚ್ಚಬಾರದು, ಕುರುಡುತನ ಬರಬಹುದು ಎಂಬ ಎಚ್ಚರಿಕೆ ಡಬ್ಬಿಯ ಮೇಲೆ ಇರುತ್ತದೆ.

ಬಟ್ಟಲು ಮುಟ್ಟಿದಾಗ ಬಿಸಿ ಅನ್ನಿಸಿದರೆ, ಮಿಶ್ರಣ ನೊರೆಯೆದ್ದು ಉಬ್ಬಿದರೆ, ಮೊಸರು ಒಡೆದಂತೆ ಗಂಟುಗಂಟಾದರೆ ಅದನ್ನು ತಲೆಗೆ ಹಚ್ಚಬಾರದು. ಹಚ್ಚಿದ ಮೇಲೆ ನೆತ್ತಿ ಉರಿಯತೊಡಗಿದರೆ ಸಮಯ ಮುಗಿಯಲೆಂದು ಕಾಯದೆ ಆಗಲೇ ಸಾಕಷ್ಟು ನೀರು ಸುರಿದು ತೊಳೆಯಬೇಕು.

ಡೆವಲಪರ್ ಇಲ್ಲದೆ ಕಂಡಿಷನರಿನಂತೆ ನೇರ ಹಚ್ಚುವ, ಕೆಲವು ಸ್ನಾನಕ್ಕೆ ಹೋಗಿಬಿಡುವ ಬಣ್ಣಗಳಿಗೆ ಮೇಲಿನ ಲೆಕ್ಕಗಳು ಅನ್ವಯಿಸುವುದಿಲ್ಲ. ಅವುಗಳಲ್ಲಿ ಬಣ್ಣ ಮೊದಲೇ ತಯಾರಿರುತ್ತದೆ. ಬೇರೆ ಕಂಪನಿಯ ಕೆಂಪು ಮಿಂಚು ಬೇಕೇಬೇಕು ಎನ್ನುವವರು ಬ್ರೌನನ್ನು ಮೊದಲು ಒಂಟಿಯಾಗಿ ಹಚ್ಚಿ ತೊಳೆದು, ಕೆಲವು ದಿನದ ನಂತರ ಅಂಥ ಬಣ್ಣವನ್ನು ಮೇಲಿನಿಂದ ಕೊಡುವುದು ಎರಡು ಟ್ಯೂಬು ಕಲಸುವುದಕ್ಕಿಂತ ಸುರಕ್ಷಿತ ದಾರಿ.

ಅಲರ್ಜಿ ಆದರೆ ಯಾವುದರಿಂದ?

ಡೈ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡಬೇಕೆಂದು ಚೀಟಿಯಲ್ಲಿ ಬರೆದಿರುವುದಕ್ಕೆ ಬಲವಾದ ಕಾರಣವಿದೆ. ಪಿಪಿಡಿ ಅಲರ್ಜಿ ಕೂಡಲೇ ಕಾಣಿಸುವುದಿಲ್ಲ, ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಕಾಣಿಸುತ್ತದೆ: ಮೊದಲು ನೆತ್ತಿ, ಕಿವಿಯ ಅಂಚಿನಲ್ಲಿ ತುರಿಕೆ, ಆಮೇಲೆ ಕೆಂಪು, ರೆಪ್ಪೆಗಳ ಊತ, ಕೆಲವರಿಗೆ ನೀರು ಒಸರುವ ಗುಳ್ಳೆಗಳು. ಇಷ್ಟು ವರ್ಷ ಏನೂ ಆಗಿಲ್ಲ ಎಂಬುದು ರಕ್ಷಣೆಯಲ್ಲ, ಹಲವು ಸಲ ಹಚ್ಚಿದ ಮೇಲೂ ಅಲರ್ಜಿ ಹುಟ್ಟಬಹುದು. ಜಾತ್ರೆ, ಮದುವೆಗಳಲ್ಲಿ ಕೈಗೆ ಹಾಕಿಸಿಕೊಂಡ ಕಡುಕಪ್ಪು ಮೆಹೆಂದಿಯಿಂದ ಯಾವಾಗಲಾದರೂ ಗುಳ್ಳೆ ಎದ್ದಿದ್ದರೆ ಅಂಥವರು ಪಿಪಿಡಿ ಇರುವ ಡೈ ಹಚ್ಚಲೇಬಾರದು. 'ಅಮೋನಿಯಾ ಇಲ್ಲ' ಎಂದರೆ ಪಿಪಿಡಿ ಇಲ್ಲ ಎಂದರ್ಥವಲ್ಲ.

ಎರಡು ಕಂಪನಿಯ ಬೆರಕೆ ಹಚ್ಚಿ ಮುಖ ಊದಿದರೆ ಕಾರಣ ಯಾವ ಡಬ್ಬಿ ಎಂದು ನಮಗೂ ತಿಳಿಯದು, ವೈದ್ಯರಿಗೂ ಕೂಡಲೇ ತಿಳಿಯದು. ಒಂದೊಂದನ್ನೇ ಹಿಂದೆ ಪರೀಕ್ಷಿಸಿದ್ದರೂ ಬೆರಕೆಯನ್ನು ಯಾರೂ ಪರೀಕ್ಷಿಸಿಲ್ಲ. ಜೋಯಿಡಾ, ಸಿದ್ದಾಪುರದ ಒಳಹಳ್ಳಿಗಳಿಂದ ಚರ್ಮವೈದ್ಯರ ಹತ್ತಿರ ಹೋಗುವುದೆಂದರೆ ಒಂದು ದಿನದ ಕೆಲಸ. ಅಂಥ ಕಡೆ 48 ಗಂಟೆಯ ಪರೀಕ್ಷೆಯನ್ನು ಬಿಡಲೇಬಾರದು. ರೆಪ್ಪೆ ಊದಿದರೆ ವೈದ್ಯರಿಗೆ ತೋರಿಸಬೇಕು, ತೋರಿಸುವಾಗ ಎರಡೂ ಖಾಲಿ ಡಬ್ಬಿಗಳನ್ನು ಜೊತೆಗೆ ಒಯ್ಯಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಚರ್ಮದ ಪರೀಕ್ಷೆಯ ಜೊತೆಗೆ ಕೂದಲಿನ ಪರೀಕ್ಷೆಯೂ ಇದೆ. ಬಾಚಣಿಗೆಯಲ್ಲಿ ಸಿಕ್ಕ ಅಥವಾ ಕಿವಿಯ ಹಿಂದಿನಿಂದ ಕತ್ತರಿಸಿದ ಒಂದು ಎಸಳಿಗೆ, ಬಿಳಿ ಕೂದಲೂ ಅದರಲ್ಲಿರಲಿ, ಅದೇ ಪ್ರಮಾಣದಲ್ಲಿ ಸ್ವಲ್ಪವೇ ಕಲಸಿ ಪೂರ್ತಿ ಸಮಯ ಬಿಟ್ಟು ತೊಳೆಯಿರಿ. ಒಣಗಿದ ಮೇಲೆ ಬಿಸಿಲಿನಲ್ಲಿ ನೋಡಿ, ಒದ್ದೆ ಕೂದಲು ಯಾವಾಗಲೂ ಗಾಢವಾಗಿ ಕಾಣುತ್ತದೆ. ಒದ್ದೆಯಿರುವಾಗ ಎಳೆದರೆ ಹಿಗ್ಗಿ ವಾಪಸು ಬಾರದೆ ತುಂಡಾದರೆ ಆ ಬೆರಕೆ ತಲೆಗೆ ಬೇಡ.

ಮದರಂಗಿಯ ರೂಢಿ ಡೈಗೆ ಬೇಡ

ನಮ್ಮ ಮನೆಗಳಲ್ಲಿ ಮದರಂಗಿಯನ್ನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸುವ ಪದ್ಧತಿ ಇದೆ. ಕಬ್ಬಿಣ ಅದನ್ನು ಕಪ್ಪಾಗಿಸುತ್ತದೆ, ಮದರಂಗಿಗೆ ಅದು ಸರಿ. ಅದೇ ಬಾಣಲೆಯಲ್ಲಿ ಡಬ್ಬಿಯ ಡೈ ಕಲಸಬಾರದು. ಕಬ್ಬಿಣವಾಗಲಿ ತಾಮ್ರವಾಗಲಿ ಪೆರಾಕ್ಸೈಡನ್ನು ಬೇಗ ಒಡೆದು ಹಾಕುತ್ತದೆ, ಮಿಶ್ರಣ ಬಿಸಿಯಾಗುತ್ತದೆ, ತಲೆಗೆ ಹೋಗುವ ಮೊದಲೇ ಅದರ ಶಕ್ತಿ ಮುಗಿದಿರುತ್ತದೆ.

ನೀರಿನಲ್ಲಿ ಕಲಸುವ ಕಪ್ಪು ಮೆಹೆಂದಿ ಪ್ಯಾಕೆಟ್ಟುಗಳಲ್ಲಿ ಹೆಚ್ಚಿನವು ಹೆಸರಿಗೆ ಮಾತ್ರ ಮೆಹೆಂದಿ. ಒಳಗೆ ಪಿಪಿಡಿಯೂ, ಪುಡಿಯ ರೂಪದಲ್ಲಿ ಡೆವಲಪರಿನ ಕೆಲಸ ಮಾಡುವ ಪದಾರ್ಥವೂ ಇರುತ್ತವೆ. ಅಂಥ ಪುಡಿಯನ್ನು ಕ್ರೀಮ್ ಡೈಗೆ ಸೇರಿಸುವುದೆಂದರೆ ಎರಡರದ್ದನ್ನೂ ದುಪ್ಪಟ್ಟು ಮಾಡಿದಂತೆ. ಇನ್ನು ದಿನಾ ಹಚ್ಚಿದರೆ ನಿಧಾನವಾಗಿ ಕಪ್ಪಾಗುತ್ತದೆ ಎನ್ನುವ ಕೆಲವು ದ್ರವಗಳಲ್ಲಿ ಸೀಸ, ಬೆಳ್ಳಿಯಂಥ ಲೋಹದ ಲವಣಗಳಿರುತ್ತವೆ. ಅವು ಕೂದಲಿನಲ್ಲಿ ಉಳಿದಿರುವಾಗ ಪೆರಾಕ್ಸೈಡ್ ಬಿದ್ದರೆ ತಲೆಯ ಮೇಲೆಯೇ ಬಿಸಿಯೇರಿ ಕೂದಲು ತುಂಡಾಗಬಹುದು. ಅಂಥದ್ದನ್ನು ಬಳಸಿದವರು ಆ ಭಾಗದ ಕೂದಲು ಬೆಳೆದು ಕತ್ತರಿಸಿ ಹೋಗುವವರೆಗೆ ಡಬ್ಬಿ ಡೈಯಿಂದ ದೂರ ಇರುವುದು ಒಳಿತು.

ಮಿಕ್ಕಿದ್ದನ್ನು ಏನು ಮಾಡುವುದು

ಡೆವಲಪರ್ ಸೇರಿದ ಮಿಶ್ರಣ ಉಳಿದರೆ ಇಟ್ಟುಕೊಳ್ಳಲು ಬರುವುದಿಲ್ಲ. ಅದರಿಂದ ಆಮ್ಲಜನಕ ಹೊರಡುತ್ತಲೇ ಇರುತ್ತದೆ, ಮುಚ್ಚಳ ಬಿಗಿದ ಬಾಟಲಿಯಲ್ಲಿಟ್ಟರೆ ಒತ್ತಡ ಏರಿ ಬಾಟಲಿ ಒಡೆಯಬಹುದು. ಕಲಸದೆ ಉಳಿದ ಕ್ರೀಮಿನ ಟ್ಯೂಬನ್ನು ಗಾಳಿ ಹಿಂಡಿ ತೆಗೆದು ಬಿಗಿಯಾಗಿ ಮುಚ್ಚಿ, ಬೇಗ ಬಳಸಬೇಕು. ಬಾಯಿಯ ಹತ್ತಿರದ ಕ್ರೀಮು ಕಂದಾಗಿದ್ದರೆ ಅದು ಗಾಳಿ ತಾಗಿ ಆಗಲೇ ಬಣ್ಣ ಕಟ್ಟಿದ ಭಾಗ, ತೆಗೆದು ಹಾಕಬೇಕು. ಡೆವಲಪರನ್ನು ಅದರದೇ ಬಾಟಲಿಯಲ್ಲಿ, ಬಿಸಿಲು ಬೀಳದ ಕಡೆ, ಅದರ ಟ್ಯೂಬಿನ ಜೊತೆಗೇ ಒಂದೇ ಡಬ್ಬಿಯಲ್ಲಿ ಇಡಿ. ಬಿಡಿಯಾಗಿ ಉಳಿದ ಡೆವಲಪರ್ ಯಾವ ಕಂಪನಿಯದೆಂದು ಎರಡು ತಿಂಗಳ ನಂತರ ಮರೆತುಹೋಗಿ, ಬೇರೆ ಕಂಪನಿಯ ಕ್ರೀಮಿಗೆ ಸೇರುವ ಸಂಭವ ಹೆಚ್ಚು.